ರಸ್ತೆ ಅಗಲವಾಯ್ತು, ಎಲ್ಲಾ ಸಾಮಗ್ರಿಯೂ ಕಾಲು ಪಾಲು ಹೆಚ್ಚಲಿಲ್ಲ

ನಮ್ಮ ಪಂಚಾಯಿತಿಯ 400 ಮೀಟರ್ ಸಿಸಿ ರಸ್ತೆಯ ಅಗಲ 3 ಮೀಟರ್‌ನಿಂದ 3.75ಕ್ಕೆ ಏರಿದಾಗ, ಗುತ್ತಿಗೆದಾರರು ಎಲ್ಲಾ ಸಾಮಗ್ರಿಗೂ ಶೇ. 25 ಸೇರಿಸಿ ಪಟ್ಟಿ ಕೊಟ್ಟರು. ಕಾಂಕ್ರೀಟಿಗೆ ಆ ಲೆಕ್ಕ ಸರಿ: 150 ಮಿ.ಮೀ. ದಪ್ಪಕ್ಕೆ 180 ಘನ ಮೀಟರ್ ಇದ್ದದ್ದು 225.

ತೊಡಕಿದ್ದದ್ದು ಕಾಂಕ್ರೀಟಿನ ಕೆಳಗೆ ಹಾಸುವ ಜಲ್ಲಿ ಮಿಶ್ರಣದ ಅಡಿಪದರದಲ್ಲಿ, ಅಂದರೆ ಜಿಎಸ್‌ಬಿಯಲ್ಲಿ. ಮೊದಲಿನ 3 ಮೀಟರ್ ಅಡಿಯಲ್ಲಿ ಹಳೆಯ ಜಲ್ಲಿ ರಸ್ತೆ ಗಟ್ಟಿಯಾಗಿತ್ತು, 100 ಮಿ.ಮೀ. ಸಾಕಿತ್ತು. ಹೊಸದಾಗಿ ಸೇರಿದ 75 ಸೆಂ.ಮೀ. ಅಗಲದ ಪಟ್ಟಿಯ ಕೆಳಗೆ ಬರೀ ಮಣ್ಣು. ಅಲ್ಲಿ ಅಗೆದು 250 ಮಿ.ಮೀ. ಹಾಕದಿದ್ದರೆ ಆ ಅಂಚು ಕುಸಿದು, ಹಳೇ ಅಂಚಿನ ಗುಂಟ ಉದ್ದಕ್ಕೂ ಬಿರುಕು ಬರುತ್ತದೆ. ಹಾಗಾಗಿ 120ರ ಮೇಲೆ 75 ಸೇರಿ 195 ಘನ ಮೀಟರ್, ಏರಿಕೆ ಶೇ. 62.5. ಬದಿಯ ಗ್ರಾವೆಲ್ ಮಾತ್ರ ಇಳಿಯಿತು. ರಸ್ತೆ ಜಾಗ 6 ಮೀಟರ್ ಅಷ್ಟೇ, ಹಾಗಾಗಿ ಬದಿಗಳ ಒಟ್ಟು ಅಗಲ 3ರಿಂದ 2.25ಕ್ಕೆ ಇಳಿದು 300 ಘನ ಮೀಟರ್ 225 ಆಯಿತು.

ಗುತ್ತಿಗೆದಾರರಿಗೆ ನಾನು ಬರೆದ ಪತ್ರದ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ಹಿಂದಿನ ಪಟ್ಟಿಯ ಬದಲು ಈ ಪ್ರಮಾಣಗಳನ್ನು ಪರಿಗಣಿಸುವುದು: ಕಾಂಕ್ರೀಟ್ 225, ಜಿಎಸ್‌ಬಿ 195, ಗ್ರಾವೆಲ್ 225 ಘನ ಮೀಟರ್. ಜಿಎಸ್‌ಬಿ, ಗ್ರಾವೆಲ್ ಎರಡೂ ರೋಲರ್ ಹೊಡೆದ ನಂತರದ ಅಳತೆಗಳು. ಟಿಪ್ಪರ್ ಲೋಡಿನ ಲೆಕ್ಕದಲ್ಲಿ ಬಿಲ್ ಆಗುವುದಿಲ್ಲ. ಅಗಲೀಕರಣ ಒಂದೇ ಬದಿಗೆ ಮಾಡತಕ್ಕದ್ದು. ಪರಿಷ್ಕೃತ ಅಂದಾಜಿಗೆ ತಾಂತ್ರಿಕ ಮಂಜೂರಾತಿ ಬರುವವರೆಗೆ ಹೆಚ್ಚುವರಿ ಸಾಮಗ್ರಿ ತರಿಸಬಾರದು."

ಒಂದೇ ಬದಿ ಯಾಕೆಂದು ಅವರು ಫೋನಿನಲ್ಲಿ ಕೇಳಿದರು. ಎರಡೂ ಕಡೆ ಹಂಚಿದರೆ ಒಂದೊಂದು ಬದಿಯ ಪಟ್ಟಿ ಬರೀ 37.5 ಸೆಂ.ಮೀ. ಆಗುತ್ತದೆ, ಅದರೊಳಗೆ ರೋಲರ್ ಇಳಿಯುವುದು ಹೇಗೆ ಸ್ವಾಮಿ ಅಂದೆ. ಪತ್ರಕ್ಕೆ ಅಡ್ಡಸೀಳಿಕೆಯ ಚಿತ್ರ ಲಗತ್ತಿಸಿದ ಮೇಲೆ ಜಿಎಸ್‌ಬಿ ಬಗ್ಗೆ ತಕರಾರು ಬರಲಿಲ್ಲ.