ಹಳೇ ಫ್ರಿಜ್ ಕೊಳ್ಳುವ ಮುನ್ನ ಮುಕ್ಕಾಲು ಗಂಟೆ ಕೂತು ನೋಡಿ

ನೋಡಲು ಹೋಗುವ ಹಿಂದಿನ ದಿನ ಮಾರುವವರಿಗೆ ಫೋನ್ ಮಾಡಿ, ‘ರಾತ್ರಿಯೇ ಫ್ರಿಜ್ ಆಫ್ ಮಾಡಿ, ಬಾಗಿಲು ತೆರೆದಿಡಿ’ ಎಂದು ಹೇಳಿ. ಟ್ರೇ ತುಂಬ ಐಸ್ ತೋರಿಸಿದರೆ ಮರುಳಾಗಬೇಡಿ. ಗ್ಯಾಸ್ ಕಡಿಮೆಯಾದ ಫ್ರಿಜ್ಜೂ ರಾತ್ರಿಯಿಡೀ ಓಡಿದರೆ ಒಂದಿಷ್ಟು ಐಸ್ ಕಟ್ಟಬಹುದು. ಅದರ ಬಂಡವಾಳ ಬಯಲಾಗುವುದು ಬೆಚ್ಚಗಿದ್ದದ್ದು ತಣ್ಣಗಾಗುವಾಗ.

ಹೋದೊಡನೆ ಹಿಂಬದಿಯ ಕಂಪ್ರೆಸರ್ ಮುಟ್ಟಿ ನೋಡಿ. ಬಿಸಿಯಿದ್ದರೆ ಈಗಷ್ಟೇ ಆಫ್ ಮಾಡಿದ್ದಾರೆ ಎಂದರ್ಥ.

ಆನ್ ಮಾಡುವ ಮೊದಲು ಗ್ಯಾಸ್ಕೆಟ್, ಅಂದರೆ ಬಾಗಿಲಿನ ರಬ್ಬರ್. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ, ಬಿಗಿಯಾಗಿ ಬರಬೇಕು. ಹೀಗೆ ನಾಲ್ಕೂ ಬದಿ ನೋಡಿ; ಹಿಂಜ್ ಕಡೆಯ ಕೆಳಮೂಲೆಯನ್ನು ಮರೆಯುವವರೇ ಹೆಚ್ಚು. ರಬ್ಬರ್ ಹೋಗಿದ್ದರೆ ಬೇರೆ ಹಾಕಿಸಬಹುದು. ಅದಕ್ಕೆ ಚೌಕಾಸಿ ಮಾಡಿ, ಫ್ರಿಜ್ಜನ್ನೇ ಬಿಡಬೇಕಿಲ್ಲ.

ಈಗ ಸ್ವಿಚ್ ಹಾಕಿ. ಒಂದು ಸಣ್ಣ ‘ಟಕ್’, ಆಮೇಲೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು ಬಂದರೆ ಸರಿ. ಕೆಲವು ಸೆಕೆಂಡು ಗುಂಯ್ ಎಂದು ಟಕ್ ಅಂತ ನಿಂತು, ಒಂದೆರಡು ನಿಮಿಷಕ್ಕೆ ಮತ್ತೆ ಅದೇ ಆಟವಾಡಿದರೆ ಕಂಪ್ರೆಸರ್ ಸ್ಟಾರ್ಟ್ ಆಗುತ್ತಿಲ್ಲ. ಅದನ್ನು ಸ್ಟಾರ್ಟ್ ಮಾಡಿಸುವ ರಿಲೇ ಕೆಟ್ಟಿದ್ದರೆ ಸಣ್ಣ ಖರ್ಚು, ಕಂಪ್ರೆಸರ್ರೇ ಹೋಗಿದ್ದರೆ ದೊಡ್ಡದು. ಯಾವುದೆಂದು ಅಲ್ಲಿ ನಿಂತು ಹೇಳಲಾಗದು, ಆದ್ದರಿಂದ ನಾನಂತೂ ಕೈ ಹಾಕುವುದಿಲ್ಲ.

ಸುಮಾರು ಹತ್ತು ಹದಿನೈದು ನಿಮಿಷಕ್ಕೆ ಫ್ರೀಜರ್ ತಗಡು ಕೈಗೆ ತಣ್ಣಗೆ ತಾಗಬೇಕು. ಅರ್ಧ ಗಂಟೆ ಕಳೆದ ಮೇಲೆ ನೋಡಬೇಕಾದದ್ದು ಹಿಮ ಎಲ್ಲೆಲ್ಲಿ ಕೂತಿದೆ ಎಂದು.

ಅಣ್ಣನ ಮಗನಿಗೆಂದು ಒಂದು ಸಿಂಗಲ್ ಡೋರ್ ನೋಡಲು ಹೋಗಿದ್ದೆವು. ಮುಕ್ಕಾಲು ಗಂಟೆಯಾದರೂ ಫ್ರೀಜರಿನ ಎಡಮೂಲೆಯಲ್ಲಿ ಅಂಗೈಯಗಲ ಮಾತ್ರ ಬೆಳ್ಳಗೆ ಹಿಮ, ಉಳಿದ ತಗಡು ಒಣಗಿತ್ತು. ಒಳಗೆ ದ್ರವವಾಗಿ ಬಂದ ಅಷ್ಟಿಷ್ಟು ಗ್ಯಾಸ್ ಅಷ್ಟು ದೂರ ಹೋಗುವಷ್ಟರಲ್ಲೇ ಆವಿಯಾಗಿಬಿಡುತ್ತಿತ್ತು. ಕಂಪ್ರೆಸರ್ ಮೇಲೆ ಕೈ ಇಡಲಾಗದಷ್ಟು ಬಿಸಿ, ಆದರೆ ಹಿಂದಿನ ಕಪ್ಪು ಜಾಲರಿ ಉಗುರುಬೆಚ್ಚಗೂ ಇರಲಿಲ್ಲ. ಕಂಪ್ರೆಸರ್ ಬಿಸಿಯಾಗುವುದು ತಪ್ಪಲ್ಲ. ಆದರೆ ಒಳಗಿನ ಶಾಖ ಹೊರಬರುತ್ತಿದ್ದರೆ ಜಾಲರಿಯೂ ಬೆಚ್ಚಗಾಗಬೇಕು (ಜಾಲರಿ ಇಲ್ಲದ ಮಾಡೆಲ್‌ಗಳಲ್ಲಿ ಪಕ್ಕದ ಗೋಡೆ).

‘ಸ್ವಲ್ಪ ಗ್ಯಾಸ್ ತುಂಬಿಸಿದ್ರೆ ಆಯ್ತು ಸಾರ್’ ಎಂದರು ಮಾರುವವರು. ಫ್ರಿಜ್ ಗ್ಯಾಸ್ ಸ್ಕೂಟರ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ತೂತು ಮುಚ್ಚದೆ ತುಂಬಿಸಿದರೆ ಮತ್ತೆ ಹೋಗುತ್ತದೆ. ನಮಸ್ಕಾರ ಹೇಳಿ ಎದ್ದು ಬಂದೆವು.

ಫ್ರಾಸ್ಟ್ ಫ್ರೀ ಆದರೆ ತಗಡು ಪ್ಲಾಸ್ಟಿಕ್ಕಿನ ಹಿಂದಿರುವುದರಿಂದ ಈ ಪರೀಕ್ಷೆ ನಡೆಯದು. ಅಲ್ಲಿ ಫ್ಯಾನಿನ ಗಾಳಿ ಕೊರೆಯುವಷ್ಟು ತಣ್ಣಗಾಯಿತೇ ನೋಡಿ.

ಮುಂದಿನ ವಾರ ನೋಡಿದ್ದರಲ್ಲಿ ಅರ್ಧ ಗಂಟೆಗೇ ತಗಡಿನ ತುಂಬ ತೆಳ್ಳಗೆ ಹಿಮ ಹರಡಿತ್ತು, ಜಾಲರಿಯೂ ಬೆಚ್ಚಗಿತ್ತು. ನೋಟು ಮಾತ್ರ ಕೆಳಮೂಲೆಯಲ್ಲಿ ಸಲೀಸಾಗಿ ಜಾರಿತು. ರಬ್ಬರಿನ ದುಡ್ಡು ಮುರಿದುಕೊಂಡು ಅದನ್ನೇ ತಂದೆವು.