ಸಿಗ್ನಲ್ ಪೂರ್ತಿ ಇದ್ದರೂ ಕರೆ ಹೋಗದ ಫೋನ್: ಮೆಲ್ಬರ್ನ್‌ನಲ್ಲಿ 3ಜಿ ಮುಚ್ಚಿದಾಗ ನಾನು ಕಂಡದ್ದು

2024ರ ಅಕ್ಟೋಬರ್ 28ರಂದು ಆಸ್ಟ್ರೇಲಿಯಾದಲ್ಲಿ ಟೆಲ್‌ಸ್ಟ್ರಾ ಮತ್ತು ಆಪ್ಟಸ್ ತಮ್ಮ 3ಜಿ ಜಾಲಗಳನ್ನು ಮುಚ್ಚತೊಡಗಿದವು. ವೊಡಾಫೋನ್‌ನ 3ಜಿ ಆ ವರ್ಷದ ಆರಂಭದಲ್ಲೇ ನಿಂತಿತ್ತು. 2ಜಿ ಇಲ್ಲಿ 2018ರ ಹೊತ್ತಿಗೇ ಇಲ್ಲವಾಗಿತ್ತು. ಎಂದರೆ ಉಳಿದದ್ದು 4ಜಿ ಮತ್ತು 5ಜಿ ಮಾತ್ರ. ಮೊಬೈಲ್ ಜಾಲಗಳನ್ನು ಪರೀಕ್ಷಿಸುವುದು ನನ್ನ ವೃತ್ತಿಯಾದ್ದರಿಂದ, ಆ ತಿಂಗಳುಗಳಲ್ಲಿ ಮೆಲ್ಬರ್ನ್‌ನ ಕನ್ನಡದ ಮನೆಗಳಿಂದ ನನಗೆ ಬಂದ ಪ್ರಶ್ನೆ ಒಂದೇ ಆಗಿತ್ತು: "ಊರಿನಿಂದ ತಂದದ್ದು 4ಜಿ ಫೋನೇ ಅಲ್ಲವೇ, ಅದಕ್ಕೇನು ತೊಂದರೆ?"

ತೊಂದರೆ ಇರುವುದು ಇಲ್ಲಿ. 4ಜಿ ಜಾಲವನ್ನು ರೂಪಿಸಿದವರು ಅದರಲ್ಲಿ ಮಾತಿಗೆಂದು ಪ್ರತ್ಯೇಕ ಮಾರ್ಗವನ್ನೇ ಇಡಲಿಲ್ಲ. 2ಜಿ ಮತ್ತು 3ಜಿಯಲ್ಲಿ ಕರೆ ಮಾಡಿದಾಗ ಎರಡು ಫೋನ್‌ಗಳ ನಡುವೆ ಒಂದು ಸರ್ಕ್ಯೂಟ್ ತೆರೆದು, ಮಾತು ಮುಗಿಯುವವರೆಗೂ ಅದು ಆ ಇಬ್ಬರಿಗೇ ಮೀಸಲಾಗಿರುತ್ತಿತ್ತು. 4ಜಿಯಲ್ಲಿ ಎಲ್ಲವೂ ಡೇಟಾ ಪ್ಯಾಕೆಟ್. ಆದ್ದರಿಂದ ಆರಂಭದಲ್ಲಿ ಒಂದು ತಾತ್ಕಾಲಿಕ ಉಪಾಯ ಮಾಡಿದರು. ಫೋನ್ 4ಜಿಯಲ್ಲಿ ಕುಳಿತಿರುತ್ತದೆ; ನೀವು ಕರೆಯ ಗುಂಡಿ ಒತ್ತಿದ ಕೂಡಲೇ ಜಾಲ ಅದನ್ನು 3ಜಿಗೋ 2ಜಿಗೋ ಇಳಿಸುತ್ತದೆ; ಮಾತು ಅಲ್ಲಿ ನಡೆಯುತ್ತದೆ; ಮುಗಿದ ಮೇಲೆ ಫೋನ್ ಮತ್ತೆ 4ಜಿಗೆ ಏರುತ್ತದೆ. ಇದಕ್ಕೆ ನಮ್ಮ ವೃತ್ತಿಯವರು ಫಾಲ್‌ಬ್ಯಾಕ್ ಎನ್ನುತ್ತಾರೆ. ಬಳಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಕರೆ ಹತ್ತಲು ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ ಅಷ್ಟೆ. ಇಳಿಯಲು ಕೆಳಗೆ ಜಾಲವೇ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ 3ಜಿ ಮುಚ್ಚುವವರೆಗೂ ಇಲ್ಲಿನ ಹೆಚ್ಚಿನ ಬಳಕೆದಾರರಿಗೆ ಎದುರಾಗಿರಲಿಲ್ಲ.

ಫೋನಿನ ಪರದೆಯಲ್ಲಿ VoLTE ಎಂದು ಕಾಣುವ ವೋಲ್ಟಿ ಇದಕ್ಕೆ ನಿಜವಾದ ಪರಿಹಾರ. ಇದರಲ್ಲಿ ಫೋನ್ 4ಜಿಯಲ್ಲೇ ಉಳಿದು ಮಾತನ್ನೂ ಪ್ಯಾಕೆಟ್ಟುಗಳಾಗಿ ಕಳುಹಿಸುತ್ತದೆ. ವಾಟ್ಸ್‌ಆ್ಯಪ್ ಕರೆಯೂ ಅದನ್ನೇ ಮಾಡುತ್ತದಲ್ಲ ಎನ್ನಬಹುದು, ಆದರೆ ವ್ಯತ್ಯಾಸ ದೊಡ್ಡದು. ವಾಟ್ಸ್‌ಆ್ಯಪ್‌ನ ಮಾತು ಉಳಿದೆಲ್ಲ ಡೇಟಾದ ಜೊತೆ ಗುಂಪಿನಲ್ಲಿ ಸಾಗುತ್ತದೆ. ವೋಲ್ಟಿಗೆ ಫೋನ್ ಜಾಲದೊಳಗಿನ ಐಎಂಎಸ್ ಎಂಬ ಬೇರೆಯೇ ವ್ಯವಸ್ಥೆಗೆ ಪ್ರತ್ಯೇಕ ಸಂಪರ್ಕ ತೆರೆದು, ಸಿಮ್‌ನಲ್ಲಿರುವ ಗುಪ್ತ ಕೀಲಿಯಿಂದ ತನ್ನ ಗುರುತು ಸಾಬೀತುಪಡಿಸಿ, ಹೆಸರು ನೋಂದಾಯಿಸಿಕೊಳ್ಳಬೇಕು. ಈ ನೋಂದಣಿ ಫೋನ್ ಚಾಲೂ ಆದಾಗಲೇ ಆಗುತ್ತದೆ. ಆಮೇಲೆ ನೀವು ಕರೆ ಮಾಡಿದಾಗ ಜಾಲವು ಮಾತಿಗೆಂದೇ ಮೀಸಲಾದ, ವೇಗದ ಖಾತರಿಯಿರುವ ಇನ್ನೊಂದು ದಾರಿಯನ್ನು ರೇಡಿಯೊದಲ್ಲಿ ಬಿಟ್ಟುಕೊಡುತ್ತದೆ. ನಿಮ್ಮ ದನಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಅದರಲ್ಲಿ ಹೋಗುತ್ತದೆ. ಪಕ್ಕದವರು ಅದೇ ಟವರ್‌ನಿಂದ ಸಿನಿಮಾ ಇಳಿಸಿಕೊಳ್ಳುತ್ತಿದ್ದರೂ ಮಾತು ತುಂಡಾಗದಿರುವುದು ಇದರಿಂದ.

ಗಮನಿಸಬೇಕಾದ ಸಂಗತಿಯೆಂದರೆ, ಈ ನೋಂದಣಿ ಹೇಗೆ ಮಾಡಬೇಕು ಎಂಬ ವಿವರಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಸ್ವಲ್ಪ ಬೇರೆ. ಫೋನ್ ತಯಾರಕರು ಒಂದೊಂದು ಜಾಲಕ್ಕೂ ಒಂದೊಂದು ಪ್ರೊಫೈಲ್ ಸಿದ್ಧಪಡಿಸಿ ತಂತ್ರಾಂಶದೊಳಗೆ ಇಟ್ಟಿರುತ್ತಾರೆ. ನೀವು ಹಾಕಿದ ಸಿಮ್‌ನ ಜಾಲಕ್ಕೆ ಪ್ರೊಫೈಲ್ ಇಲ್ಲದಿದ್ದರೆ, ಯಂತ್ರಾಂಶದಲ್ಲಿ ಸಾಮರ್ಥ್ಯ ಎಷ್ಟಿದ್ದರೂ ಫೋನ್ ವೋಲ್ಟಿಗೆ ಪ್ರಯತ್ನಿಸುವುದೇ ಇಲ್ಲ. ಸುಮ್ಮನೆ ಫಾಲ್‌ಬ್ಯಾಕ್‌ಗೆ ಹೋಗುತ್ತದೆ.

ಸ್ನೇಹಿತರೊಬ್ಬರ ತಾಯಿ ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದರು. ಅವರ ಫೋನಿನಲ್ಲಿ ನಡೆದದ್ದು ಇದೇ. ಭಾರತದಲ್ಲಿ ಕೊಂಡ, ಕೆಲವು ವರ್ಷ ಹಳೆಯದಾದ ಆಂಡ್ರಾಯ್ಡ್ ಫೋನ್ ಅದು. 3ಜಿ ಮುಚ್ಚಲು ಇನ್ನೂ ಕೆಲವು ವಾರ ಇತ್ತು, ಇಲ್ಲಿನ ಸಿಮ್‌ನಿಂದ ಕರೆಗಳು ಸರಾಗವಾಗಿ ಹೋಗುತ್ತಿದ್ದವು. "ಚೆನ್ನಾಗಿಯೇ ಕೇಳಿಸುತ್ತದೆ ಕಣಪ್ಪ, ಮೈಸೂರಿನಲ್ಲೂ ಹೀಗೆಯೇ ಇತ್ತು" ಎಂದರು ಅಮ್ಮ. ನಾನು ಅವರ ಫೋನಿನಿಂದ ನನಗೇ ಒಂದು ಕರೆ ಮಾಡಿ, ರಿಂಗ್ ಆಗುತ್ತಿರುವಾಗ ಪರದೆಯ ಮೇಲಂಚನ್ನು ನೋಡಿದೆ. 4G ಎಂದಿದ್ದದ್ದು 3G ಆಯಿತು. ಕರೆ ಮುಗಿಸಿದೆ, ಸ್ವಲ್ಪ ಹೊತ್ತಿಗೆ ಮತ್ತೆ 4G. ಯಾವ ಉಪಕರಣವೂ ಇಲ್ಲದೆ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು, ಮತ್ತು ಇದಕ್ಕಿಂತ ನಂಬಲರ್ಹವಾದದ್ದು ಕಡಿಮೆ. ವೋಲ್ಟಿ ಕರೆಯಲ್ಲಿ ಆ ಗುರುತು 4G ಆಗಿಯೇ ಉಳಿಯಬೇಕು.

ದೋಷ ಫೋನಿನದೋ ಸಿಮ್‌ನದೋ ಎಂದು ಬಿಡಿಸಿಕೊಳ್ಳುವುದು ಮುಂದಿನ ಕೆಲಸ. ಕೆಲವೊಮ್ಮೆ ಖಾತೆಯಲ್ಲೇ ವೋಲ್ಟಿ ತೆರೆದಿರುವುದಿಲ್ಲ, ಅಥವಾ ಸಿಮ್ ತುಂಬಾ ಹಳೆಯದಾಗಿರುತ್ತದೆ. ಅವರ ಸಿಮ್ ತೆಗೆದು ನನ್ನ ಫೋನಿಗೆ ಹಾಕಿದೆ; ಕರೆ 4ಜಿಯಲ್ಲೇ ನಿಂತಿತು. ನನ್ನ ಸಿಮ್ ಅವರ ಫೋನಿಗೆ ಹಾಕಿದೆ. ಮತ್ತೆ 3ಜಿಗೆ ಇಳಿಯಿತು. ಅಲ್ಲಿಗೆ ಸಿಮ್ ಮತ್ತು ಖಾತೆ ಎರಡರ ಮೇಲಿನ ಅನುಮಾನವೂ ಹೋಯಿತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ VoLTE ಎಂಬ ಸ್ವಿಚ್ ಇರಲಿಲ್ಲ. ಸ್ನೇಹಿತರ ಮನೆಯಲ್ಲಿದ್ದ ಭಾರತದ ಸಿಮ್ ಹಾಕಿದ ಕೂಡಲೇ ಅದು ಕಾಣಿಸಿಕೊಂಡಿತು! ಫೋನಿಗೆ ವೋಲ್ಟಿ ಬರುತ್ತದೆ, ಆದರೆ ಇಲ್ಲಿನ ಜಾಲದ ಜೊತೆ ಮಾಡಲು ಅದಕ್ಕೆ ಅಪ್ಪಣೆಯಿಲ್ಲ ಎಂದಾಯಿತು.

ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ `*#*#4636#*#*` ಒತ್ತಿದರೆ ಪರೀಕ್ಷೆಯ ಪುಟ ತೆರೆಯುತ್ತದೆ. ಅದರ ಮೆನುವಿನಲ್ಲಿರುವ IMS service status ನೋಡಿದರೆ ನೋಂದಣಿಯ ಸ್ಥಿತಿ ತಿಳಿಯುತ್ತದೆ. ಅಮ್ಮನ ಫೋನಿನಲ್ಲಿ ಇಲ್ಲಿನ ಸಿಮ್‌ಗೆ Not Registered ಎಂದಿತ್ತು. ಕಂಪ್ಯೂಟರಿಗೆ ಜೋಡಿಸಿ ಪ್ರೊಫೈಲ್ ಏನು ಹೇಳುತ್ತದೆ ಎಂದೂ ಕೇಳಿದೆ:

```
adb shell "dumpsys carrier_config | grep carrier_volte_available_bool"
```

ಉತ್ತರ `false`. ತಂತ್ರಾಂಶದ ಹೊಸ ಆವೃತ್ತಿ ಇದೆಯೇ ಎಂದು ಹುಡುಕಿದೆ. ಆ ಮಾದರಿಗೆ ತಯಾರಕರು ನವೀಕರಣ ಕೊಡುವುದನ್ನು ನಿಲ್ಲಿಸಿದ್ದರು. ವೈಫೈ ಕರೆಯಾದರೂ ಆದೀತೇ ಎಂದು ಸ್ನೇಹಿತರು ಕೇಳಿದರು. ಅದಕ್ಕೂ ಇದೇ ಐಎಂಎಸ್ ನೋಂದಣಿ, ಇದೇ ಪ್ರೊಫೈಲ್ ಬೇಕು, ಹಾಗಾಗಿ ಆ ದಾರಿಯೂ ಇಲ್ಲ.

ಭಾರತದಲ್ಲಿ ಈ ಸಮಸ್ಯೆ ಇಷ್ಟು ತೀವ್ರವಾಗಿ ಕಾಣಿಸಿಕೊಂಡಿಲ್ಲ, ಅದಕ್ಕೆ ಎರಡು ಕಾರಣ. ಏರ್‌ಟೆಲ್ 3ಜಿ ಮುಚ್ಚಿದರೂ 2ಜಿ ಉಳಿಸಿಕೊಂಡಿದೆ, ಆದ್ದರಿಂದ ಫಾಲ್‌ಬ್ಯಾಕ್ ಫೋನ್‌ಗಳಿಗೆ ಇಳಿಯಲು ಜಾಗವಿದೆ. ಜಿಯೊ 2016ರಲ್ಲಿ ಆರಂಭವಾದಾಗಲೇ 4ಜಿ ಬಿಟ್ಟು ಬೇರೇನೂ ಇರಲಿಲ್ಲ, ಹಾಗಾಗಿ ಅಲ್ಲಿ ಮಾರುವ ಫೋನ್‌ಗಳಲ್ಲಿ ಭಾರತದ ಜಾಲಗಳ ಪ್ರೊಫೈಲ್ ಹಾಕದೆ ತಯಾರಕರಿಗೆ ಗತ್ಯಂತರವಿರಲಿಲ್ಲ. ಅದೇ ಫೋನಿಗೆ ಆಸ್ಟ್ರೇಲಿಯಾದ ಪ್ರೊಫೈಲ್ ಹಾಕುವ ಒತ್ತಡ ಅವರ ಮೇಲೆ ಇರಲಿಲ್ಲ.

ಇಲ್ಲಿಯವರೆಗಿನದು ಸಾಮಾನ್ಯ ಕರೆಯ ಕಥೆ. ನನಗೆ ಹೆಚ್ಚು ಕಳವಳ ತಂದದ್ದು ಅದೇ ಮನೆಯ ಇನ್ನೊಂದು ಫೋನ್. ಸ್ನೇಹಿತರ ತಂದೆಯದು ತುಸು ಹೊಸ ಮಾದರಿ. ಕರೆ ಮಾಡಿದರೆ 4G ಗುರುತು ಅಲುಗಲಿಲ್ಲ, IMS ಪುಟದಲ್ಲಿ Registered ಎಂದಿತ್ತು, ದನಿ ಸ್ಫಟಿಕದಂತೆ ಕೇಳುತ್ತಿತ್ತು. ಮನೆಯವರೆಲ್ಲ ಇದು ಸರಿಯಿದೆ ಎಂದು ನಿಶ್ಚಿಂತರಾದರು. ಆದರೆ ಇಲ್ಲಿ 000, ಎಂದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್‌ಗೆ ಮಾಡುವ ಕರೆ, ಸಾಮಾನ್ಯ ಕರೆಯ ಹಾದಿಯಲ್ಲಿ ಹೋಗುವುದಿಲ್ಲ. ಫೋನ್ ಅದನ್ನು ತುರ್ತು ಕರೆ ಎಂದು ಗುರುತಿಸಿ, ತುರ್ತಿಗೆಂದೇ ಇರುವ ಬೇರೆ ಸಂಪರ್ಕ ತೆರೆಯಬೇಕು. ಸಿಮ್ ಇಲ್ಲದಿದ್ದರೂ, ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಬೇರೆ ಕಂಪನಿಯದು ಮಾತ್ರ ಇದ್ದರೂ ಅದು ಹೋಗಬೇಕು. ಮೋಡೆಮ್‌ನಲ್ಲಿ ಇದಕ್ಕೆ ಪ್ರತ್ಯೇಕ ನಿರ್ದೇಶನ ಇರುತ್ತದೆ. ಕೆಲವು ಮಾದರಿಗಳಲ್ಲಿ ಸಾಮಾನ್ಯ ಕರೆಗೆ ವೋಲ್ಟಿ ಎಂದೂ, ತುರ್ತು ಕರೆಗೆ 3ಜಿ ಎಂದೂ ಬರೆದಿತ್ತು. 3ಜಿ ಎಲ್ಲೆಡೆ ಇದ್ದ ಕಾಲದಲ್ಲಿ ಅದು ಸುರಕ್ಷಿತ ಆಯ್ಕೆಯೇ ಆಗಿತ್ತು. 3ಜಿ ಹೋದ ಮೇಲೆ ಅಂಥ ಫೋನ್ ಮಗಳ ಜೊತೆ ಗಂಟೆಗಟ್ಟಲೆ ಮಾತನಾಡಿಸುತ್ತದೆ, ಎದೆನೋವು ಬಂದ ದಿನ ಮಾತ್ರ ಕೈಕೊಡುತ್ತದೆ. ಬದಲಿಗೆ 112 ಒತ್ತಿದರೂ ಪ್ರಯೋಜನವಿಲ್ಲ, ಅದೂ ಅದೇ ತುರ್ತು ಹಾದಿ ಹಿಡಿಯುತ್ತದೆ.

ಇದನ್ನು ಮನೆಯಲ್ಲಿ ಪರೀಕ್ಷಿಸುವಂತಿಲ್ಲ. 000ಗೆ ಪ್ರಯೋಗಕ್ಕೆಂದು ಕರೆ ಮಾಡಬಾರದು. ಮಾಡಿದರೆ ನಿಜವಾಗಿ ಪ್ರಾಣಾಪಾಯದಲ್ಲಿರುವ ಯಾರದೋ ಸರದಿಯನ್ನು ಕಸಿದಂತೆ. ನಾವು ಮಾಡಿದ್ದು 3498 ಸಂಖ್ಯೆಗೆ 3 ಎಂದು ಸಂದೇಶ ಕಳುಹಿಸುವುದು. ಫೋನಿನ ಗುರುತು ಸಂಖ್ಯೆಯಾದ ಐಎಂಇಐ 15 ಅಂಕಿಗಳದ್ದು. ಅದರ ಮೊದಲ 8 ಅಂಕಿ ಮಾದರಿಯನ್ನು ಹೇಳುತ್ತವೆ. ಜಾಲದ ಬಳಿ ಆ ಮಾದರಿಗಳ ಪಟ್ಟಿ ಇರುತ್ತದೆ, ಅದರಂತೆ ಉತ್ತರ ಬರುತ್ತದೆ. ಎರಡೂ ಫೋನ್‌ಗಳಿಗೆ ಬಂದ ಉತ್ತರ ಒಂದೇ: ಬದಲಾಯಿಸಬೇಕು.

ಆಸ್ಟ್ರೇಲಿಯಾ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 000ಗೆ ಕರೆ ಮಾಡಲಾಗದ ಫೋನ್‌ಗಳನ್ನು ಜಾಲದಿಂದಲೇ ಹೊರಗಿಡಬೇಕು ಎಂದು ಕಂಪನಿಗಳಿಗೆ ನಿಯಮ ಮಾಡಿತು. ಹಾಗಾಗಿ ತಂದೆಯವರ ಫೋನಿನಲ್ಲಿ 3ಜಿ ಮುಚ್ಚಿದ ಮೇಲೆ ಡೇಟಾ ಕೂಡ ನಿಂತು, ವೈಫೈ ಒಂದೇ ಉಳಿಯಿತು. "ಮಾತು ಚೆನ್ನಾಗಿ ಬರುತ್ತಿದ್ದ ಫೋನನ್ನು ಏಕೆ ಕೆಡಿಸಿದರು?" ಎಂದು ಅವರು ಬೇಸರಪಟ್ಟುಕೊಂಡರು. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಈ ನಿಯಮ ಸರಿಯೆಂದೇ ನನ್ನ ಅಭಿಪ್ರಾಯ. ಕೆಲಸ ಮಾಡುವಂತೆ ತೋರುವ ಫೋನನ್ನು ಯಾರೂ ಬದಲಿಸುವುದಿಲ್ಲ, ಅದರ ಕೊರತೆ ಗೊತ್ತಾಗುವುದು ಬದಲಿಸಲು ಸಮಯವೇ ಇಲ್ಲದ ಗಳಿಗೆಯಲ್ಲಿ. ಪಟ್ಟಿಯೂ ಪರಿಪೂರ್ಣವಲ್ಲ. 2025ರ ಅಕ್ಟೋಬರ್‌ನಲ್ಲಿ, 3ಜಿ ಮುಚ್ಚಿ ಸುಮಾರು ಒಂದು ವರ್ಷದ ಬಳಿಕ, ಹಲವು ಹಳೆಯ ಸ್ಯಾಮ್‌ಸಂಗ್ ಮಾದರಿಗಳು ವೊಡಾಫೋನ್ ಜಾಲ ಮಾತ್ರ ಸಿಗುವ ಕಡೆ 000ಗೆ ಸೇರಲಾರವು ಎಂದು ಬಯಲಾಯಿತು. ಹಲವಕ್ಕೆ ತಂತ್ರಾಂಶದ ನವೀಕರಣ ಸಾಕಾಯಿತು, ಗ್ಯಾಲಕ್ಸಿ ಎಸ್7ನಂಥ ಕೆಲವನ್ನು ಬದಲಿಸಲೇಬೇಕಾಯಿತು.

ಇಬ್ಬರಿಗೂ ಇಲ್ಲಿನ ಅಂಗಡಿಯಿಂದಲೇ ಸಾಧಾರಣ ಬೆಲೆಯ ಫೋನ್ ಕೊಡಿಸಿದೆವು. ಇಲ್ಲಿ ಮಾರುವ ಆವೃತ್ತಿಯಲ್ಲಿ ಇಲ್ಲಿನ ಜಾಲಗಳ ಪ್ರೊಫೈಲ್ ಇರುತ್ತದೆ. ಒಂದೇ ಹೆಸರಿನ ಫೋನ್ ಭಾರತದಲ್ಲಿ ಒಂದು ಮಾದರಿ ಸಂಖ್ಯೆಯಲ್ಲಿ, ಇಲ್ಲಿ ಇನ್ನೊಂದರಲ್ಲಿ ಬರುವುದುಂಟು; ಹೆಸರನ್ನಷ್ಟೇ ನೋಡಿ ನಂಬಬಾರದು. ಹಳೆಯ ಎರಡೂ ಫೋನ್‌ಗಳು ಅವರ ಜೊತೆ ಮೈಸೂರಿಗೆ ಮರಳಿದವು, ಅಲ್ಲಿ ಭಾರತದ ಸಿಮ್‌ನಲ್ಲಿ ಮೊದಲಿನಂತೆಯೇ ನಡೆಯುತ್ತಿವೆ. ಈಗ ಯಾರಾದರೂ ತಂದೆತಾಯಿಯನ್ನು ಕರೆಸಿಕೊಳ್ಳುತ್ತೇವೆ ಎಂದರೆ, ಟಿಕೆಟ್ ತೆಗೆದ ದಿನವೇ `*#06#` ಒತ್ತಿಸಿ ಐಎಂಇಐ ತರಿಸಿಕೊಂಡು, ಯಾವ ಕಂಪನಿಯ ಸಿಮ್ ಕೊಳ್ಳುವಿರೋ ಆ ಕಂಪನಿಯವರನ್ನೇ ಎರಡು ಪ್ರಶ್ನೆ ಕೇಳಿ ಎನ್ನುತ್ತೇನೆ: ಈ ಮಾದರಿಯಲ್ಲಿ ನಿಮ್ಮ ಜಾಲದ ವೋಲ್ಟಿ ನಡೆಯುತ್ತದೆಯೇ, 000 ಕರೆ 4ಜಿಯ ಮೇಲೆ ಹೋಗುತ್ತದೆಯೇ. ಮೊದಲನೆಯದಕ್ಕೆ ಹೌದು ಎಂದು ಹೇಳಿ ಎರಡನೆಯದಕ್ಕೆ ತಡವರಿಸಿದರೆ, ಬಂದಿಳಿದ ಕೂಡಲೇ ಇಲ್ಲಿಯೇ ಒಂದು ಫೋನ್ ಕೊಡಿಸಿಬಿಡಿ.