ಯಾವ ಎಳೆ ಸುಟ್ಟರು ಅಂತ ಕೇಳಿ

ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟೋದು, ಫಾಲ್ ಹೊಲಿಯೋದು ನನ್ನ ಕೆಲಸ. ಹನ್ನೊಂದು ವರ್ಷ ಆಯ್ತು. ಮದುವೆ ಸೀಸನ್ನಿನಲ್ಲಿ ದಿನಕ್ಕೆ ನಾಲ್ಕೈದು ಸೀರೆ ಕೈಗೆ ಬರುತ್ತವೆ. ಬೇರೆಯವರು ಸೀರೆಯ ಬಣ್ಣ, ಅಂಚು ನೋಡ್ತಾರೆ. ನಾನು ಮೊದಲು ನೋಡೋದು ಅದರ ಎರಡು ತುದಿಗಳನ್ನು, ಯಾಕಂದ್ರೆ ನನ್ನ ಕೆಲಸ ಇರೋದೇ ಅಲ್ಲಿ.

ಹೋದ ವರ್ಷ ಪಕ್ಕದ ಬೀದಿಯ ಹುಡುಗಿಯೊಬ್ಬಳು ತನ್ನ ಮದುವೆಗೆ ತಂದ ಇಳಕಲ್ ಸೀರೆ ತಂದುಕೊಟ್ಟಳು. ಹಸಿರು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಬಿಳಿ ತೆನೆ. 7,800 ರೂಪಾಯಿ ಕೊಟ್ಟಿದ್ದಳು. ನಾನು ಸೀರೆ ಬಿಚ್ಚುವ ಮೊದಲೇ, "ಅಕ್ಕಾ, ಪೂರ್ತಿ ರೇಷ್ಮೆ. ಅಂಗಡಿಯವರು ನಮ್ಮ ಕಣ್ಣೆದುರೇ ಎಳೆ ಸುಟ್ಟು ತೋರಿಸಿದ್ರು. ಕೂದಲು ಸುಟ್ಟ ವಾಸನೆ ಬಂತು, ಅಮ್ಮನೂ ಮೂಸಿ ನೋಡಿದ್ರು" ಅಂದಳು.

ಸೀರೆ ಬಿಚ್ಚಿದೆ. ಒಡಲಿನ ಮೇಲೆ ಕೈ ಆಡಿಸಿದಾಗಲೇ ಯಾಕೋ ಅನುಮಾನ ಬಂತು. "ಎಳೆ ಎಲ್ಲಿಂದ ಕಿತ್ತರು?" ಅಂತ ಕೇಳಿದೆ. ಅವಳು ಸೆರಗಿನ ಮೂಲೆ ತೋರಿಸಿದಳು. ಅಂಚು ಬಂದು ಮುಗಿಯೋ ಜಾಗ.

ಇಲ್ಲಿ ಇಳಕಲ್ ಸೀರೆ ನೇಯುವ ರೀತಿ ಸ್ವಲ್ಪ ಹೇಳಬೇಕು. ಬಟ್ಟೆಯಲ್ಲಿ ಉದ್ದಕ್ಕೆ ಹೋಗೋ ಎಳೆ ಹಾಸು, ಅಡ್ಡಕ್ಕೆ ಹೋಗೋದು ಹೊಕ್ಕು. ಬಹಳಷ್ಟು ಸೀರೆಗಳಲ್ಲಿ ಒಡಲಿನ ಹಾಸೇ ಸೆರಗಿನ ತನಕ ಸಾಗುತ್ತದೆ. ಇಳಕಲ್ಲಿನಲ್ಲಿ ಹಾಗಲ್ಲ. ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು. ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಎರಡೂ ಹಾಸಿನ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಅಂಚಿನ ಹಾಸು ಮತ್ತೆ ಬೇರೆ. ಹಳೇ ಪದ್ಧತಿಯಲ್ಲಿ ಒಡಲಿಗೆ ಹತ್ತಿ, ಅಂಚಿಗೆ ರೇಷ್ಮೆ, ಸೆರಗಿಗೆ ಆರ್ಟ್ ಸಿಲ್ಕ್ ಇಲ್ಲವೇ ರೇಷ್ಮೆ. ಆರ್ಟ್ ಸಿಲ್ಕಿಗೆ ಆ ಕಡೆ ಚಮಕ ಅಂತಾರೆ. ಚಮಕ ಅಂದ್ರೆ ವಿಸ್ಕೋಸ್, ಅಂದ್ರೆ ರೇಯಾನ್. ಮರದ ತಿರುಳಿನಿಂದ ತೆಗೆದ ನೂಲು. ಇದರಲ್ಲಿ ಮೋಸ ಏನೂ ಇಲ್ಲ, ಅದು ಆ ಸೀರೆಯ ಜಾತಿ. ಹತ್ತಿ ಒಡಲಿನ ಇಳಕಲ್ಲನ್ನು ಹತ್ತಿಯ ಬೆಲೆಗೆ ಕೊಟ್ಟರೆ ಅದರಷ್ಟು ಒಳ್ಳೇ ಸೀರೆ ಇನ್ನೊಂದಿಲ್ಲ. ಪೂರ್ತಿ ರೇಷ್ಮೆಯಲ್ಲೇ ನೇಯ್ದ ಇಳಕಲ್ಲೂ ಸಿಗುತ್ತದೆ, ಅದರ ಬೆಲೆ ಬೇರೆ.

ಈಗ ಆ ಮೂಲೆಯ ಎಳೆ ಯಾವುದು ಅಂತ ಗೊತ್ತಾಯ್ತಲ್ವಾ? ಅಂಚಿನ ಹಾಸು. ಇಡೀ ಸೀರೆಯಲ್ಲಿ ರೇಷ್ಮೆ ಇರೋದು ಆ ಅಂಚಿನಲ್ಲಿ ಮಾತ್ರ ಅಂತಿದ್ದರೂ ಅದನ್ನು ಸುಟ್ಟಾಗ ಕೂದಲಿನ ವಾಸನೆ ಬಂದೇ ಬರುತ್ತದೆ.

ಹುಡುಗಿಯ ಎದುರೇ ಮೂರು ಕಡೆಯಿಂದ ಎಳೆ ತೆಗೆದೆ. ಮೊದಲನೆಯದು ಆ ಮೂಲೆಯದೇ. ಎರಡನೆಯದು ಸೆರಗಿನ ತುದಿಯ ನಡುಭಾಗದಿಂದ. ಮೂರನೆಯದು ಒಳತುದಿಯಿಂದ, ಅಂದ್ರೆ ನಾವು ಮೊದಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕಡೆಯಿಂದ, ಒಡಲಿನ ಹೊಕ್ಕು. ಇಕ್ಕಳದಲ್ಲಿ ಹಿಡಿದು ಒಂದೊಂದಾಗಿ ಸುಟ್ಟೆ. ಮೂಲೆಯ ಎಳೆ ಸುರುಟಿಕೊಂಡು, ಬೆಂಕಿ ತೆಗೆದ ತಕ್ಷಣ ತಾನೇ ಆರಿತು. ಕಪ್ಪು ಗುಂಡಾಯಿತು, ಬೆರಳಲ್ಲಿ ಒತ್ತಿದರೆ ಪುಡಿ. ಅದು ರೇಷ್ಮೆ. ಉಳಿದ ಎರಡೂ ಸರ್ರನೆ ಹತ್ತಿಕೊಂಡವು, ಕಾಗದ ಸುಟ್ಟ ವಾಸನೆ, ತುದಿಯಲ್ಲಿ ಕೆಂಡ ಸ್ವಲ್ಪ ಹೊತ್ತು ಹಾಗೇ ಇತ್ತು, ಕೊನೆಗೆ ಮೆತ್ತನೆಯ ಬೂದಿ. ಅಂಗಡಿಯವರು ತೋರಿಸಿದ ಪರೀಕ್ಷೆ ಸುಳ್ಳಲ್ಲ. ಆದರೆ ಅದು ಆ ಒಂದು ಎಳೆಗೆ ಮಾತ್ರ ಸಲ್ಲುವ ಮಾತು.

ಇಷ್ಟಾದರೂ ಬೆಂಕಿ ನನಗೆ ಪೂರ್ತಿ ಉತ್ತರ ಕೊಟ್ಟಿರಲಿಲ್ಲ. ಕಾಗದದ ವಾಸನೆ ಹತ್ತಿಗೂ ಬರುತ್ತದೆ, ಚಮಕಕ್ಕೂ ಬರುತ್ತದೆ. ಒಡಲಿನ ಹೊಕ್ಕು ಯಾವುದು? ಇದಕ್ಕೆ ನಾನು ಮಾಡೋದು ಒದ್ದೆ ಪರೀಕ್ಷೆ. ಅಂಗಡಿಯಲ್ಲೂ ಮಾಡಬಹುದು, ಬೆಂಕಿ ಬೇಡ. ಗೇಣುದ್ದ ಎಳೆ ತೆಗೆದುಕೊಳ್ಳಿ. ಎರಡೂ ತುದಿ ಒಣಗೇ ಇರಲಿ, ನಡುವೆ ಮಾತ್ರ ಒಂದು ಹನಿ ನೀರು ಹಚ್ಚಿ ಚೆನ್ನಾಗಿ ನೆನೆಯಲು ಬಿಡಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ನಿಧಾನ ಎಳೆಯಿರಿ, ಜಗ್ಗಬೇಡಿ. ವಿಸ್ಕೋಸ್ ನೆನೆದರೆ ಅದರ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಅದು ಸರಿಯಾಗಿ ಆ ಒದ್ದೆ ಜಾಗದಲ್ಲೇ ಕಿತ್ತು ಬರುತ್ತದೆ, ಸದ್ದೂ ಇಲ್ಲದೆ. ರೇಷ್ಮೆ ನೆನೆದರೆ ಸ್ವಲ್ಪವೇ ಬಲ ಕಳೆದುಕೊಳ್ಳುತ್ತದೆ, ಬೆರಳಿಗೆ ಕೊಯ್ಯುವ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಹತ್ತಿ ನೆನೆದರೆ ಇನ್ನೂ ಗಟ್ಟಿಯಾಗುತ್ತದೆ. ಅದೂ ಅಲ್ಲದೆ ಹತ್ತಿಯ ಹುರಿ ಬಿಚ್ಚಿದರೆ ಗಿಡ್ಡ ಗಿಡ್ಡ ನಾರು ಕೈಗೆ ಬರುತ್ತದೆ. ರೇಷ್ಮೆ, ಚಮಕ ಎರಡೂ ಉದ್ದ ಎಳೆಗಳು, ಹಾಗೆ ಬಿಡಿಬಿಡಿಯಾಗುವುದಿಲ್ಲ.

ಹುಡುಗಿಯ ಕೈಯಲ್ಲೇ ಮಾಡಿಸಿದೆ. ಒಡಲಿನ ಹೊಕ್ಕನ್ನು ಒಣಗಿದ್ದಾಗ ಎಳೆದಳು, ಸಾಕಷ್ಟು ಬಲ ಬೇಕಾಯ್ತು. ಇನ್ನೊಂದು ಎಳೆಯ ನಡುವೆ ನೀರು ಹಚ್ಚಿ ಎಳೆದಳು. ಪಟ್ಟನೆ ಒದ್ದೆಯಲ್ಲೇ ಬಿಟ್ಟಿತು. ಮೂರು ಸಲ ಮಾಡಿದಳು, ಮೂರು ಸಲವೂ ಅಲ್ಲೇ. ಚಮಕ. ಅವಳು ಏನೂ ಮಾತಾಡಲಿಲ್ಲ, ಎಳೆ ಕೈಯಲ್ಲೇ ಹಿಡಿದು ಕೂತಳು.

ಒಂದು ಮಾತು, ಒದ್ದೆ ಪರೀಕ್ಷೆಗೆ ಪಾಲಿಯೆಸ್ಟರ್ ಸಿಕ್ಕುವುದಿಲ್ಲ. ಅದು ಒದ್ದೆಯಾದರೂ ಒಣಗಿದ್ದರೂ ಒಂದೇ ಗಟ್ಟಿ, ರೇಷ್ಮೆ ಅಂತಲೇ ಅನ್ನಿಸಿಬಿಡುತ್ತದೆ. ಅಲ್ಲಿ ಬೆಂಕಿಯೇ ಬೇಕು. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ, ಒತ್ತಿದರೂ ಪುಡಿಯಾಗುವುದಿಲ್ಲ. ಹಾಗಾಗಿ ನಾನು ವಾಸನೆಗಿಂತ ಆ ಗುಂಡನ್ನು ಒತ್ತಿ ನೋಡೋದನ್ನೇ ಜಾಸ್ತಿ ನಂಬುತ್ತೇನೆ. ಅಂಗಡಿಯಲ್ಲಿ ಕಡ್ಡಿ ಗೀರಿದ ವಾಸನೆ, ಊದುಬತ್ತಿ ವಾಸನೆ ಎಲ್ಲಾ ಸೇರಿರುತ್ತದೆ. ಅಲ್ಲದೆ ರೇಷ್ಮೆಯ ಜೊತೆ ಬೇರೆ ನೂಲು ಸೇರಿಸಿ ಹುರಿ ಮಾಡಿದ್ದರೆ, ಇರುವ ಅಷ್ಟು ರೇಷ್ಮೆಯ ವಾಸನೆಯೇ ಮೂಗಿಗೆ ಹೊಡೆಯುತ್ತದೆ. ಉಂಗುರದಲ್ಲಿ ಸೀರೆ ತೂರಿಸಿ ತೋರಿಸೋದಂತೂ ಸುಮ್ನೆ. ತೆಳ್ಳಗಿದ್ದರೆ ಪಾಲಿಯೆಸ್ಟರೂ ತೂರುತ್ತದೆ.

ಬೆಂಕಿ ನನ್ನನ್ನೂ ಒಮ್ಮೆ ದಾರಿ ತಪ್ಪಿಸಿದೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರು ಕುಚ್ಚು ಬಿಚ್ಚಿ ಹೊಸದಾಗಿ ಕಟ್ಟಿಕೊಡಿ ಅಂತ ಹಳೇ ಸೀರೆ ಕೊಟ್ಟಿದ್ದರು. ಬಿಚ್ಚಿದ ಕುಚ್ಚಿನ ಎಳೆ ಸುಟ್ಟೆ, ಕಾಗದದ ವಾಸನೆ. "ಇದು ರೇಷ್ಮೆ ಅಲ್ಲ" ಅಂದುಬಿಟ್ಟೆ. ಅವರು ಅಂಗಡಿಗೆ ಹೋಗಿ ಜಗಳ ಮಾಡಿದರು. ಅಂಗಡಿಯವರು ಸೀರೆಯ ಒಳತುದಿಯಿಂದ ಹಾಸು, ಹೊಕ್ಕು ಎರಡನ್ನೂ ಕಿತ್ತು ತೋರಿಸಿದರು. ಅಪ್ಪಟ ರೇಷ್ಮೆ. ನಾನು ಸುಟ್ಟಿದ್ದು ಸೀರೆಯ ಎಳೆಯೇ ಆಗಿರಲಿಲ್ಲ. ಕುಚ್ಚು ಕಟ್ಟೋಕೆ ಅಂತ ಅಂಗಡಿಯಲ್ಲಿ "ರೇಷ್ಮೆ ದಾರ" ಅಂತ ಮಾರೋದು ಹೆಚ್ಚಾಗಿ ರೇಯಾನ್ ದಾರ. ಇಷ್ಟಕ್ಕೂ ನಾನೇ ದಿನಾ ಅದೇ ದಾರದಲ್ಲಿ ಕಟ್ಟುತ್ತಿದ್ದೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವತ್ತಿನಿಂದ ಎಳೆ ಎಲ್ಲಿಂದ ಬಂತು ಅಂತ ತಿಳಿಯದೆ ಯಾವ ಸೀರೆಯ ಬಗ್ಗೆಯೂ ಬಾಯಿ ಬಿಡುವುದಿಲ್ಲ.

ಹಾಗಾದ್ರೆ ಎಳೆ ಎಲ್ಲಿಂದ ತೆಗೆಯಬೇಕು? ಸೀರೆಯ ಒಳತುದಿ ಅತ್ಯುತ್ತಮ. ಅಲ್ಲಿ ಕತ್ತರಿಸಿದ ಅಂಚು ಹಾಗೇ ಇರುತ್ತದೆ, ಅಡ್ಡ ಎಳೆ ಸುಲಭವಾಗಿ ಬರುತ್ತದೆ. ತೀರಾ ತುದಿಯ ಎಳೆಗಳನ್ನು ಮಾತ್ರ ಬಿಡಿ. ನೇಕಾರರು ಮಗ್ಗದಲ್ಲಿ ಶುರು ಮಾಡುವಾಗ, ಮುಗಿಸುವಾಗ ಯಾವುದೋ ಬೇರೆ ನೂಲು ಹಾಕಿರುವುದುಂಟು. ಒಂದಷ್ಟು ಎಳೆ ಆಚೆ ತೆಗೆದು, ನಿಜವಾದ ನೇಯ್ಗೆ ಶುರುವಾದ ಮೇಲೆ ಒಂದು ಹೊಕ್ಕು ತೆಗೆಯಿರಿ. ಆಮೇಲೆ ಉದ್ದಕ್ಕೆ ಇಳಿಬಿದ್ದಿರುವ ಎಳೆಗಳಲ್ಲಿ ಒಂದು ಒಡಲಿನದು, ಒಂದು ಅಂಚಿನದು. ಸೆರಗಿನ ಕಡೆಯಿಂದ ನಡುಭಾಗದ್ದು ಒಂದು. ನಾಲ್ಕು ಎಳೆ ಆಯ್ತು. ಬ್ಲೌಸ್ ಪೀಸ್ ಇರುವ ಸೀರೆಯಲ್ಲಿ ಒಳತುದಿಗೆ ಬರೋದು ಆ ಬ್ಲೌಸ್ ಪೀಸೇ. ಅದರ ಹೊಕ್ಕು ಕೆಲವೊಮ್ಮೆ ಬೇರೆ ಇರುತ್ತದೆ, ಸೀರೆ ಮತ್ತು ಬ್ಲೌಸ್ ನಡುವೆ ಹೊಕ್ಕಿಲ್ಲದೆ ಬಿಟ್ಟ ಜಾಗ ಇದ್ದರೆ ಅಲ್ಲಿಂದ ಸೀರೆಯ ಬದಿಯದನ್ನು ತೆಗೆಯಿರಿ. ನನ್ನ ಹತ್ತಿರ ಒಂದು ಚಿಕ್ಕ ಡಬ್ಬಿ ಇದೆ. ಅದರಲ್ಲಿ ಅಮ್ಮನ ಹರಿದ ರೇಷ್ಮೆ ಸೀರೆಯ ಎಳೆ, ಕುಚ್ಚಿನ ದಾರ, ಹತ್ತಿ ದಾರ ಸುತ್ತಿಟ್ಟಿದ್ದೇನೆ. ಅನುಮಾನ ಬಂದಾಗ ಇವುಗಳ ಪಕ್ಕ ಇಟ್ಟು ಎಳೆದು ನೋಡಿದರೆ ಕೈಗೇ ಗೊತ್ತಾಗುತ್ತದೆ.

ಮನೆಗೆ ತಂದ ಮೇಲೆ ಖಾತ್ರಿ ಮಾಡಿಕೊಳ್ಳಲು ಇನ್ನೊಂದು ದಾರಿ ಇದೆ. ಬಿಳಿ ಬಟ್ಟೆಗೆ ಹಾಕುವ ಬ್ಲೀಚ್ ದ್ರವ, ಅಂದ್ರೆ ಸೋಡಿಯಂ ಹೈಪೋಕ್ಲೋರೈಟ್, ಒಂದು ಗಾಜಿನ ಲೋಟದಲ್ಲಿ ಎರಡು ಚಮಚ ಹಾಕಿ ಎಳೆ ಮುಳುಗಿಸಿ. ರೇಷ್ಮೆ ಬಣ್ಣ ಬಿಟ್ಟು, ಲೋಳೆಯ ಹಾಗಾಗಿ, ಅರ್ಧ ಗಂಟೆಯೊಳಗೆ ಕರಗಿಹೋಗುತ್ತದೆ. ಚಮಕ, ಹತ್ತಿ, ಪಾಲಿಯೆಸ್ಟರ್ ಬೆಳ್ಳಗಾದರೂ ಹಾಗೇ ಉಳಿಯುತ್ತವೆ. ಬೆರಕೆ ನೂಲಿದ್ದರೂ ಇದರಲ್ಲಿ ಸಿಕ್ಕಿಬೀಳುತ್ತದೆ, ಯಾಕಂದ್ರೆ ರೇಷ್ಮೆಯ ಪಾಲು ಹೋಗಿ ಉಳಿದದ್ದು ತಳದಲ್ಲಿ ಕಾಣುತ್ತದೆ. ಕಿಟಕಿ ತೆರೆದಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಅದನ್ನು ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಹುಡುಗಿ ಅಮ್ಮನ ಜೊತೆ ಅಂಗಡಿಗೆ ಹೋದಳು. ಬಿಲ್ಲಿನಲ್ಲಿ "ಇಳಕಲ್ ಸೀರೆ 1" ಅಂತ ಮಾತ್ರ ಇತ್ತು. ರೇಷ್ಮೆ ಅಂತ ಎಲ್ಲೂ ಬರೆದಿರಲಿಲ್ಲ. ಅವರು ವಾಪಸ್ ತಗೊಳ್ಳಲಿಲ್ಲ. ಸೀರೆ ನೋಡೋಕೆ ಚೆನ್ನಾಗಿಯೇ ಇತ್ತು, ಅರಿಶಿನದ ದಿನ ಉಟ್ಟಳು. ಧಾರೆಗೆ ಇನ್ನೊಂದು ತರೋಣ ಅಂತ ನನ್ನನ್ನೂ ಕರೆದುಕೊಂಡು ಬೇರೆ ಅಂಗಡಿಗೆ ಹೋದರು. ಅಲ್ಲಿ ಸಿಲ್ಕ್ ಮಾರ್ಕ್ ಚೀಟಿ ಇರುವ ಸೀರೆಗಳನ್ನೇ ತೆಗೆಸಿದೆವು. ಇದು ಕೇಂದ್ರ ರೇಷ್ಮೆ ಮಂಡಳಿಯವರು 2004ರಲ್ಲಿ ಶುರು ಮಾಡಿದ್ದು, ಪ್ರತಿ ಚೀಟಿಗೂ ಹೊಲೊಗ್ರಾಂ, ಬೇರೆ ಬೇರೆ ಸಂಖ್ಯೆ ಇರುತ್ತದೆ. ಚೀಟಿ ಸೀರೆಗೇ ಕಟ್ಟಿದೆಯಾ, ಪೆಟ್ಟಿಗೆಯಲ್ಲಿ ಸುಮ್ನೆ ಇಟ್ಟಿದ್ದಾರಾ ಅಂತ ನೋಡಿದೆ. ಆಮೇಲೆ ಅಂಗಡಿಯವರನ್ನು ಕೇಳಿದೆ: "ಅಣ್ಣಾ, ಒಡಲಿನ ಹಾಸು ಏನು, ಹೊಕ್ಕು ಏನು, ಸೆರಗಿನ ಹಾಸು ಏನು?"

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ತೆಗೆದಿಟ್ಟಿದ್ದ ಆರರಲ್ಲಿ ಎರಡನ್ನು ತಾವೇ ಪಕ್ಕಕ್ಕೆ ಸರಿಸಿ, "ಇವುಗಳ ಸೆರಗು ಚಮಕ, ಅಮ್ಮಾ" ಅಂದರು. ಉಳಿದವುಗಳಲ್ಲಿ ಹುಡುಗಿ ಒಂದನ್ನು ಆರಿಸಿಕೊಂಡಳು. ಒಳತುದಿಯಿಂದ ಎಳೆ ತೆಗೆದುಕೊಳ್ಳಲು ಅವರೇ ಕತ್ತರಿ ಕೊಟ್ಟರು. ನೀರು ಹಚ್ಚಿ ಎಳೆದಳು, ಎಳೆ ಬೆರಳಿಗೆ ಗೆರೆ ಮೂಡಿಸಿತೇ ಹೊರತು ಬಿಡಲಿಲ್ಲ. ಬಿಲ್ಲಿನಲ್ಲಿ ಅವರ ಕೈಯಲ್ಲೇ ಬರೆಸಿದೆವು: ಇಳಕಲ್ ಸೀರೆ, ಒಡಲು ಹಾಸು ರೇಷ್ಮೆ, ಹೊಕ್ಕು ರೇಷ್ಮೆ, ಸೆರಗು ರೇಷ್ಮೆ.